ಹಿತ್ತಾಳೆ, ಸತುವಿನ ಮಿಶ್ರಲೋಹ, ಸ್ಟೀಲ್: ನಲ್ಲಿ ಕೊಳ್ಳುವ ಮೊದಲು ಅದರ ಒಳಗನ್ನು ನೋಡುವ ಕ್ರಮ

ಕಾರವಾರದ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ ಮೂರು ನಲ್ಲಿಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟರೆ, ಅವುಗಳಲ್ಲಿ ಹಿತ್ತಾಳೆಯದು ಯಾವುದು, ಸತುವಿನದು ಯಾವುದು ಎಂದು ಹೊರನೋಟದಿಂದ ಹೇಳುವುದು ಸಾಧ್ಯವಿಲ್ಲ. ಕಣ್ಣಿಗೆ ಕಾಣುವುದು ಲೋಹವಲ್ಲ, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ತೆಳ್ಳಗೆ ಹಚ್ಚಿದ ನಿಕಲ್ ಮತ್ತು ಕ್ರೋಮ್ ಲೇಪನ. ಅಂಗಡಿಯವರು ಹೇಳುವ ‘ಸಿ.ಪಿ. ಫಿಟ್ಟಿಂಗ್’ ಎಂಬ ಮಾತಿಗೂ ಕ್ರೋಮ್ ಲೇಪನ ಇದೆ ಎಂಬಷ್ಟೇ ಅರ್ಥ. ಒಳಗೆ ಯಾವ ಲೋಹವಿದೆ ಎಂಬುದನ್ನು ಅದು ಹೇಳುವುದಿಲ್ಲ. ‘ಮೆಟಲ್ ಬಾಡಿ’, ‘ಹೆವಿ ಬಾಡಿ’, ‘ಅಲಾಯ್’ ಎಂಬ ಮಾತುಗಳೂ ಹಾಗೆಯೇ. ನಲ್ಲಿಯ ಆಯಸ್ಸು ನಿಂತಿರುವುದು ನೀರು ತಾಗುವ ಭಾಗಗಳ ಮೇಲೆ, ಅಂದರೆ ದೇಹದ ಲೋಹ, ಗೋಡೆಯೊಳಗೆ ಸೇರುವ ಥ್ರೆಡ್ ಮತ್ತು ನೀರನ್ನು ತಡೆಯುವ ಕಾರ್ಟ್ರಿಡ್ಜ್ ಮೇಲೆ. ಈ ಮೂರನ್ನೂ ದುಡ್ಡು ಕೊಡುವ ಮೊದಲು, ಅಥವಾ ಹೆಚ್ಚೆಂದರೆ ಗೋಡೆಗೆ ಹಾಕುವ ಮೊದಲು, ಸಾಮಾನ್ಯ ಬಳಕೆದಾರರೇ ಪರೀಕ್ಷಿಸಿಕೊಳ್ಳಬಹುದು.

ಎಲ್ಲ ಬಗೆಯ ನಲ್ಲಿಗಳನ್ನೂ ಇಲ್ಲಿ ಹಿಡಿಯುವುದಿಲ್ಲ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ, ಬಚ್ಚಲಿಗೂ ಬಟ್ಟೆ ಒಗೆಯುವ ಕಲ್ಲಿಗೂ ಹಾಕುವ ಅರ್ಧ ಇಂಚಿನ ಗೋಡೆ ನಲ್ಲಿಯನ್ನು, ಅಂದರೆ ಬಿಬ್ ಕಾಕನ್ನು, ಮಾತ್ರ ತೆಗೆದುಕೊಂಡಿದ್ದೇನೆ. ಉಳಿದವಕ್ಕೂ ಪರೀಕ್ಷೆಯ ಕ್ರಮ ಬಹುಮಟ್ಟಿಗೆ ಇದೇ.

ಮೊದಲು ನಿಮ್ಮ ಮನೆಯ ನೀರು

ನಲ್ಲಿಯ ಲೋಹವನ್ನು ಆರಿಸುವ ಮೊದಲು ನೀರಿನ ಎರಡು ಗುಣಗಳು ತಿಳಿದಿರಬೇಕು: ಅದರಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಎಷ್ಟಿದೆ ಮತ್ತು ಅದು ಎಷ್ಟು ಆಮ್ಲೀಯವಾಗಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಯ ಹತ್ತಿರದ ಬಾವಿಗಳಲ್ಲಿ ಮಳೆಗಾಲದಲ್ಲಿ ಸಿಹಿಯಾಗಿರುವ ನೀರು ಏಪ್ರಿಲ್, ಮೇ ಹೊತ್ತಿಗೆ ನಾಲಿಗೆಗೆ ಉಪ್ಪಾಗಿ ಹತ್ತುವುದುಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪಿನ ಕಾಟವಿಲ್ಲ. ಆದರೆ ಚಿರೇಕಲ್ಲಿನ ನೆಲದ ಬಾವಿ ನೀರು ಮತ್ತು ಗುಡ್ಡದಿಂದ ಹರಿದುಬರುವ ಅಬ್ಬಿ ನೀರು ಬಹಳ ಮೃದುವಾಗಿದ್ದು, ಅನೇಕ ಕಡೆ ಸ್ವಲ್ಪ ಆಮ್ಲೀಯವಾಗಿರುತ್ತದೆ. ಈ ಎರಡು ಬಗೆಯ ನೀರು ಲೋಹವನ್ನು ತಿನ್ನುವ ರೀತಿಯೇ ಬೇರೆ.

ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500 ಪ್ರಕಾರ, ನೀರು ಆಮ್ಲೀಯವಾದಷ್ಟೂ ಇಳಿಯುವ ಅಳತೆಯಾದ ಪಿ.ಎಚ್. 6.5ರಿಂದ 8.5ರ ನಡುವೆ ಇರಬೇಕು. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವಿಲ್ಲದಿದ್ದರೆ 1000ದವರೆಗೆ ಒಪ್ಪಬಹುದು. ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್‌ನಲ್ಲಿ ಇವೆರಡನ್ನೂ ನೋಡಬಹುದು. ಅಳಿವೆಯ ಬದಿಯವರು ಈ ಪರೀಕ್ಷೆಯನ್ನು ಬೇಸಗೆಯ ಕೊನೆಯಲ್ಲಿ ಮಾಡಿಸಬೇಕು. ಆಗಸ್ಟಿನಲ್ಲಿ ಮಾಡಿಸಿದರೆ ಬರುವ ಅಂಕಿ ನಲ್ಲಿಯ ಆಯ್ಕೆಗೆ ಉಪಯೋಗಕ್ಕೆ ಬಾರದು.

ಮೂರು ಲೋಹಗಳು ಕೆಡುವ ಬಗೆ

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ನಲ್ಲಿಗೆ ಬಳಸುವ ಹಿತ್ತಾಳೆಯಲ್ಲಿ ಕತ್ತರಿಸಲು ಸುಲಭವಾಗಲೆಂದು ಸ್ವಲ್ಪ ಸೀಸವನ್ನೂ ಸೇರಿಸಿರುತ್ತಾರೆ. ಉಪ್ಪು ನೀರು ಅಥವಾ ಆಮ್ಲೀಯ ಮೃದು ನೀರು ಬಹುಕಾಲ ನಿಂತರೆ ಹಿತ್ತಾಳೆಯೊಳಗಿನ ಸತು ಮಾತ್ರ ಕರಗಿಹೋಗಿ, ರಂಧ್ರಮಯವಾದ ತಾಮ್ರ ಉಳಿಯುತ್ತದೆ. ಹಳದಿಯಾಗಿದ್ದ ಲೋಹ ಅಲ್ಲಲ್ಲಿ ಗುಲಾಬಿಗೆಂಪಾಗುವುದು, ಅದರ ಸುತ್ತ ಬಿಳಿ ಪುಡಿ ಕಟ್ಟುವುದು ಇದರ ಗುರುತು. ಬಿಸಿನೀರಿನ ಸಾಲಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಆದರೂ ನಲ್ಲಿಯ ಲೋಹದ ಗೋಡೆ ದಪ್ಪವಿರುವ ಹಿತ್ತಾಳೆಯಲ್ಲಿ ಈ ಸವೆತ ನಿಧಾನದ್ದಾದ್ದರಿಂದ, ನಲ್ಲಿ ಹೇಳದೆ ಕೇಳದೆ ಮುರಿಯುವುದು ಅಪರೂಪ. ಮೊದಲು ಜಿನುಗಿ ಸೂಚನೆ ಕೊಡುತ್ತದೆ.

ಸತುವಿನ ಮಿಶ್ರಲೋಹದಲ್ಲಿ ಹೆಚ್ಚಿನ ಪಾಲು ಸತುವೇ ಇದ್ದು, ಸುಮಾರು ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ ಇರುತ್ತದೆ. ಇದು ಕಡಿಮೆ ಶಾಖಕ್ಕೇ ಕರಗುವುದರಿಂದ ಅಚ್ಚಿನಲ್ಲಿ ಬೇಗ ಬೇಗ ಎರಕ ಹೊಯ್ಯಬಹುದು. ಅಗ್ಗವಾಗಲು ಕಾರಣ ಅದೇ. ಲೇಪನ ಅಖಂಡವಾಗಿರುವವರೆಗೆ ಇದು ಚೆನ್ನಾಗಿಯೇ ಕಾಣುತ್ತದೆ. ಆದರೆ ನೀರು ಹರಿಯುವ ಒಳಗಡೆ ಲೇಪನ ಸರಿಯಾಗಿ ತಲುಪಿರುವುದಿಲ್ಲ. ಅಲ್ಲಿ ಸತು ನೇರವಾಗಿ ನೀರಿಗೆ ಒಡ್ಡಿಕೊಂಡು ಬಿಳಿ ಪುಡಿಯಾಗುತ್ತ ಹೋಗುತ್ತದೆ. ಹೊರಗಡೆ ಲೇಪನದ ಸೂಕ್ಷ್ಮ ರಂಧ್ರಗಳಿಂದ ಉಪ್ಪುಗಾಳಿಯ ತೇವ ಇಳಿದು ಕ್ರೋಮ್ ಗುಳ್ಳೆ ಗುಳ್ಳೆಯಾಗಿ ಎದ್ದು ಸಿಪ್ಪೆ ಸುಲಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಥ್ರೆಡ್‌ನದು. ಸವೆದ ಸತು ಬಾಗುವುದಿಲ್ಲ, ತುಂಡಾಗುತ್ತದೆ. ನಲ್ಲಿ ಬದಲಿಸಲೆಂದು ಪ್ಲಂಬರ್ ಸ್ಪ್ಯಾನರ್ ಹಾಕಿ ತಿರುವಿದಾಗ ಕುತ್ತಿಗೆ ಮುರಿದು ಥ್ರೆಡ್ ಗೋಡೆಯೊಳಗಿನ ಎಲ್ಬೋದಲ್ಲೇ ಉಳಿದರೆ, ಕೆಲವೊಮ್ಮೆ ಟೈಲ್ಸ್ ಒಡೆಯದೆ ಬೇರೆ ದಾರಿಯಿರುವುದಿಲ್ಲ. ಅಗ್ಗದ ನಲ್ಲಿಯ ನಿಜವಾದ ಬೆಲೆಯನ್ನು ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು. ನಮ್ಮ ಕರಾವಳಿಯಲ್ಲಿ ನೀರು ಹರಿಯುವ ಯಾವ ಭಾಗಕ್ಕೂ ಸತುವಿನ ಮಿಶ್ರಲೋಹ ತಕ್ಕದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಡಿಕೆಯ ಮಾತು ಬೇರೆ. ಒಳ್ಳೆಯ ಹಿತ್ತಾಳೆ ನಲ್ಲಿಗಳಲ್ಲೂ ಹಿಡಿಕೆ ಸತುವಿನದಾಗಿರುತ್ತದೆ. ಅದಕ್ಕೆ ಒಳನೀರು ತಾಗುವುದಿಲ್ಲವಾದ್ದರಿಂದ ಅದನ್ನು ಮೋಸವೆಂದು ತಿಳಿಯಬೇಕಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ನಲ್ಲಿಗೆ ಲೇಪನವೇ ಬೇಡವಾದ್ದರಿಂದ ಸುಲಿಯುವ ಪ್ರಶ್ನೆಯಿಲ್ಲ. ಆದರೆ ಸ್ಟೀಲ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ದರ್ಜೆಗಳಿವೆ. 304 ದರ್ಜೆಯಲ್ಲಿ ಸುಮಾರು ನೂರಕ್ಕೆ ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕಲ್ ಇರುತ್ತದೆ. ಅಗ್ಗದ 202 ದರ್ಜೆಯಲ್ಲಿ ನಿಕಲ್ ಕಡಿಮೆ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ತುಂಬಿರುತ್ತಾರೆ. ಇದು ಉಪ್ಪಿಗೆ ಬೇಗ ಸೋಲುತ್ತದೆ. 304 ಕೂಡ ಲೀಟರಿಗೆ ಸುಮಾರು 200 ಮಿಲಿಗ್ರಾಂ ಮೀರಿದ ಕ್ಲೋರೈಡ್ ಇರುವ ನೀರಿನಲ್ಲಿ, ಅದರಲ್ಲೂ ನೀರು ನಿಲ್ಲುವ ಸಂದುಗಳಲ್ಲಿ, ಸೂಜಿಮೊನೆಯಂಥ ತೂತುಗಳನ್ನು ಪಡೆಯಬಹುದು. ಮಾಲಿಬ್ಡಿನಂ ಸೇರಿದ 316 ಇದನ್ನು ಹೆಚ್ಚು ತಡೆಯುತ್ತದೆ, ಆದರೆ ಮನೆಬಳಕೆಯ ನಲ್ಲಿಗಳಲ್ಲಿ ಅದು ಸಿಗುವುದು ಕಡಿಮೆ.

ಇದರಿಂದ ಆಯ್ಕೆ ಹೀಗೆ ಬರುತ್ತದೆ. ಘಟ್ಟದ ಮೇಲೆ, ಉಪ್ಪಿಲ್ಲದ ಆಮ್ಲೀಯ ಮೃದು ನೀರಿಗೆ, ಪಕ್ಕಾ 304 ಸ್ಟೀಲ್ ಎಲ್ಲಕ್ಕಿಂತ ಒಳ್ಳೆಯದು. ಸತು ಕರಗುವ ಚಿಂತೆಯೂ ಇಲ್ಲ, ಸೀಸದ ಚಿಂತೆಯೂ ಇಲ್ಲ. ಅಳಿವೆಯ ಬದಿಯ ಉಪ್ಪು ಬಾವಿಗೆ ದಪ್ಪ ಗೋಡೆಯ ಹಿತ್ತಾಳೆಯೇ ಹೆಚ್ಚು ನಂಬಿಕೆಯದು. ಕಡಲಿಗೆ ಹತ್ತಿರವಿದ್ದೂ ಬಾವಿ ನೀರು ವರ್ಷವಿಡೀ ಸಿಹಿಯಾಗಿದ್ದರೆ ಎರಡೂ ನಡೆಯುತ್ತವೆ. ಆಗ ಉಪ್ಪುಗಾಳಿಯಿಂದ 304ರ ಮೇಲೆ ಬರುವ ಕಂದು ಕಲೆ ನೋಟದ ತೊಂದರೆ ಮಾತ್ರ, ಒರೆಸಿದರೆ ಹೋಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ನಲ್ಲಿಯನ್ನು ತಿರುಗಿಸಿ, ಗೋಡೆಯೊಳಗೆ ಹೋಗುವ ಬಾಯಿಯ ಕಡೆಯಿಂದ ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಲೇಪನದ ತೊಟ್ಟಿಯಲ್ಲಿ ನಲ್ಲಿಯ ಒಳಗೆ ಆಳದವರೆಗೆ ಕ್ರೋಮ್ ಕೂರುವುದಿಲ್ಲವಾದ್ದರಿಂದ ಅಸಲಿ ಲೋಹ ಅಲ್ಲಿ ಬಯಲಾಗಿರುತ್ತದೆ. ಹಿತ್ತಾಳೆಯಾದರೆ ಹಳದಿ ಬಣ್ಣವೂ, ಯಂತ್ರದಲ್ಲಿ ಕೊರೆದ ಸಣ್ಣ ಸುತ್ತುಗೆರೆಗಳೂ ಕಾಣುತ್ತವೆ. ಮಂಕಾದ ಬೂದು ಬಣ್ಣವೂ, ಅಚ್ಚಿನ ಎರಡು ಹೋಳು ಕೂಡಿದ ಉದ್ದ ಗೆರೆಯೂ ಕಂಡರೆ ಅದು ಸತುವಿನ ಎರಕ. ಒಳಗೆ ತಾಮ್ರದ ಕೆಂಪು ಕಂಡರೂ ಅನುಮಾನ ಪಡಿ, ಏಕೆಂದರೆ ಸತುವಿನ ಮೇಲೆ ಕ್ರೋಮ್ ಕೂರಿಸಲು ಮೊದಲು ತಾಮ್ರ ಹಚ್ಚುವ ರೂಢಿಯಿದೆ. ಕೆಲವು ನಲ್ಲಿಗಳಲ್ಲಿ ಕುತ್ತಿಗೆ ಮಾತ್ರ ಹಿತ್ತಾಳೆಯಾಗಿದ್ದು ಮುಂದಿನ ದೇಹ ಸತುವಿನದಿರುತ್ತದೆ. ಹಾಗಾಗಿ ಬೆಳಕು ಕೊಳವೆಯ ಮೊದಲ ಬೆರಳಗಲದಲ್ಲೇ ನಿಲ್ಲದೆ ತಿರುವಿನವರೆಗೆ ಹೋಗಬೇಕು. ಹಳದಿಯ ನಡುವೆ ಸೂಜಿಯಿಂದ ಚುಚ್ಚಿದಂಥ ಗುಳಿಗಳಿದ್ದರೆ ಎರಕ ಕೆಟ್ಟದ್ದೆಂದು ಅರ್ಥ. ಅಂಥ ಹಿತ್ತಾಳೆಯನ್ನೂ ಬಿಡಿ.

ಎರಡನೆಯದು ನಲ್ಲಿಯ ಲೋಹದ ಗೋಡೆಯ ದಪ್ಪ. ಅರ್ಧ ಇಂಚಿನ ಥ್ರೆಡ್‌ನ ಹೊರವ್ಯಾಸ ಸುಮಾರು 21 ಮಿಲಿಮೀಟರ್ ಇದ್ದು, ಥ್ರೆಡ್‌ನ ತಗ್ಗಿನಲ್ಲಿ ಅದು 18.6ಕ್ಕೆ ಇಳಿಯುತ್ತದೆ. ಲೋಹ ಅತ್ಯಂತ ತೆಳುವಾಗಿರುವುದೂ ಮುರಿಯುವುದೂ ಆ ತಗ್ಗಿನಲ್ಲೇ. ಒಳರಂಧ್ರವನ್ನು ವರ್ನಿಯರ್‌ನಿಂದ, ಇಲ್ಲವಾದರೆ ಸಣ್ಣ ಸ್ಕೇಲಿನಿಂದ ಅಳೆಯಿರಿ. ರಂಧ್ರ 15 ಮಿಲಿಮೀಟರ್ ಇದ್ದರೆ ತಗ್ಗಿನಲ್ಲಿ 1.8 ಮಿಲಿಮೀಟರ್ ಲೋಹ ಉಳಿದಿದೆ. ರಂಧ್ರ 17 ಇದ್ದರೆ ಉಳಿಯುವುದು 0.8 ಮಾತ್ರ. ಎರಡೂ ‘ಫುಲ್ ಬ್ರಾಸ್’ ಎಂದೇ ಮಾರಾಟವಾಗುತ್ತವೆ. ಸತು ಕರಗಿ ಸವೆಯುವ ನೀರಿನಲ್ಲಿ ಈ ಒಂದು ಮಿಲಿಮೀಟರ್ ವ್ಯತ್ಯಾಸವೇ ಆಯಸ್ಸಿನ ವ್ಯತ್ಯಾಸ.

ಮೂರನೆಯದು ಕಾರ್ಟ್ರಿಡ್ಜ್. ಕಾಲು ಅಥವಾ ಅರ್ಧ ಸುತ್ತಿಗೆ ತೆರೆಯುವ ನಲ್ಲಿಗಳಲ್ಲಿ ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆಗಳು ನೀರನ್ನು ತಡೆಯುತ್ತವೆ. ಹಿಡಿಕೆಯನ್ನು ನಿಧಾನವಾಗಿ ತಿರುವಿದಾಗ ಮೊದಲಿಂದ ಕೊನೆಯವರೆಗೆ ಒಂದೇ ಬಿಗಿ ಇರಬೇಕು. ನಡುವೆ ಕರಕರ ಎನ್ನಬಾರದು, ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಹಿಡಿಕೆಯನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಸಡಿಲವಿದ್ದರೆ ಸ್ಪಿಂಡಲ್ ಸಣ್ಣದು ಅಥವಾ ಅದರ ಕೂಡುವಿಕೆ ಒರಟಾದದ್ದು. ಹಿಡಿಕೆಯ ಸ್ಕ್ರೂ ಬಿಚ್ಚಿ ತೋರಿಸುವಂತೆ ಕೇಳಿ; ಕಾರ್ಟ್ರಿಡ್ಜ್‌ನ ಹೊರಕವಚ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಎಂದು ನೋಡಿ, ಹಿತ್ತಾಳೆಯದನ್ನೇ ಆರಿಸಿ. ಅದೇ ಕಾರ್ಟ್ರಿಡ್ಜ್ ಬಿಡಿಯಾಗಿ ಆ ಅಂಗಡಿಯಲ್ಲೇ ಇದೆಯೇ ಎಂದು ವಿಚಾರಿಸಿ. ಬೆಂಗಳೂರಿನಿಂದ ತರಿಸಬೇಕೆಂದಾದರೆ, ದೇಹ ಎಷ್ಟೇ ಗಟ್ಟಿಯಿದ್ದರೂ ಒಂದು ಬಿಲ್ಲೆ ಗೀರಿದ ದಿನ ಇಡೀ ನಲ್ಲಿ ಮೂಲೆಗೆ ಬೀಳುತ್ತದೆ.

ಐ.ಎಸ್.ಐ. ಗುರುತು ಇದ್ದರೆ ಅದರ ಮೇಲಿನ ಮಾನಕದ ಸಂಖ್ಯೆಯನ್ನೂ ಓದಿ. ಕ್ರೋಮ್ ಮಾಡಿದ ಅಲಂಕಾರದ ತಾಮ್ರ-ಮಿಶ್ರಲೋಹದ ನಲ್ಲಿಗಳಿಗೆ ಐ.ಎಸ್. 8931, ಹಳೆಯ ಬಗೆಯ ವಾಷರ್ ನಲ್ಲಿಗಳಿಗೆ ಐ.ಎಸ್. 781. ಗುರುತಿನ ಕೆಳಗೆ CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ, ಅದನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಯಾವ ವಸ್ತುವಿಗೆ ಎಂದು ತೋರಿಸುತ್ತದೆ. ಬಿಲ್ಲಿನ ಮೇಲೆ ‘ಹಿತ್ತಾಳೆ ನಲ್ಲಿ’ ಅಥವಾ ‘304 ಸ್ಟೀಲ್ ನಲ್ಲಿ’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹಾಗೆ ಬರೆಯಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳಬೇಡಿ.

ಮನೆಯಲ್ಲಿ: ತೂಕ ಮತ್ತು ನೀರಿನ ಪರೀಕ್ಷೆ

ಭಾರವಿದ್ದರೆ ಹಿತ್ತಾಳೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ಅರ್ಧ ಮಾತ್ರ ನಿಜ, ಏಕೆಂದರೆ ದಪ್ಪಗೆ ಹೊಯ್ದ ಸತುವಿನ ನಲ್ಲಿ ತೆಳುವಾದ ಹಿತ್ತಾಳೆಯದಕ್ಕಿಂತ ಭಾರವಿರಬಹುದು. ನೋಡಬೇಕಾದದ್ದು ಸಾಂದ್ರತೆ. ಒಂದು ಘನ ಸೆಂಟಿಮೀಟರ್ ಹಿತ್ತಾಳೆ ಸುಮಾರು 8.4 ಗ್ರಾಂ, ಸ್ಟೀಲ್ 7.9 ಗ್ರಾಂ, ಸತುವಿನ ಮಿಶ್ರಲೋಹ 6.6 ಗ್ರಾಂ ತೂಗುತ್ತದೆ. ಅಡಿಗೆಮನೆಯ ಡಿಜಿಟಲ್ ತಕ್ಕಡಿಯಿಂದಲೇ ಇದನ್ನು ಕಂಡುಕೊಳ್ಳಬಹುದು.

ಕೋಡಿಬಾಗದ ಕಡೆಯ ಬಂಧುಗಳ ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ನಲ್ಲಿಗಾಗಿ ಎರಡು ಬಿಬ್ ಕಾಕ್ ತಂದಿಟ್ಟಿದ್ದರು; ಇಷ್ಟವಾಗದ್ದನ್ನು ಹಿಂದಿರುಗಿಸುವ ಒಪ್ಪಂದವಿತ್ತು. ಎರಡರ ಪೆಟ್ಟಿಗೆಯ ಮೇಲೂ ಬ್ರಾಸ್ ಎಂಬ ಮಾತಿತ್ತು. ಇಡಿಯಾಗಿ ಕೈಯಲ್ಲಿ ಹಿಡಿದಾಗ ಭಾರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮೊದಲು ಹಿಡಿಕೆ, ಕಾರ್ಟ್ರಿಡ್ಜ್, ಗೋಡೆಗೆ ಮುಚ್ಚುವ ಬಿಲ್ಲೆ, ತುದಿಯ ಜಾಲರಿ ಇವನ್ನೆಲ್ಲ ಬಿಚ್ಚಿ ಬರೀ ದೇಹವನ್ನು ಉಳಿಸಿಕೊಂಡೆವು. ಒಂದರ ದೇಹ 286 ಗ್ರಾಂ, ಇನ್ನೊಂದರದ್ದು 231 ಗ್ರಾಂ ತೂಗಿತು. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ದೇಹಕ್ಕೆ ನೂಲು ಕಟ್ಟಿ, ಅದು ಪಾತ್ರೆಯ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗುವಷ್ಟು ಇಳಿಬಿಟ್ಟೆವು. ಆಗ ತಕ್ಕಡಿ ತೋರಿಸುವ ಗ್ರಾಂಗಳೇ ಘನ ಸೆಂಟಿಮೀಟರ್ ಲೆಕ್ಕದಲ್ಲಿ ಲೋಹದ ಗಾತ್ರ. ಮೊದಲನೆಯದಕ್ಕೆ 34 ಬಂತು: 286ನ್ನು 34ರಿಂದ ಭಾಗಿಸಿದರೆ 8.4, ಅಂದರೆ ಹಿತ್ತಾಳೆ. ಎರಡನೆಯದಕ್ಕೆ 35 ಬಂತು: 231ನ್ನು 35ರಿಂದ ಭಾಗಿಸಿದರೆ 6.6. ಅದು ಸತು. ಬ್ರಾಸ್ ಎಂದದ್ದು ಕಾರ್ಟ್ರಿಡ್ಜ್‌ಗೆ ಮಾತ್ರ ಎಂಬುದು ಪೆಟ್ಟಿಗೆಯ ಬದಿಯ ಸಣ್ಣ ಅಕ್ಷರಗಳನ್ನು ಓದಿದಾಗ ತಿಳಿಯಿತು. ಆ ನಲ್ಲಿ ಅಂಗಡಿಗೆ ಮರಳಿತು.

ಈ ಪರೀಕ್ಷೆಯಲ್ಲಿ ತಪ್ಪಾಗುವುದು ಹೆಚ್ಚಾಗಿ ಒಳಗೆ ಸಿಕ್ಕಿಕೊಂಡ ಗಾಳಿಯಿಂದ. ಗಾಳಿ ಉಳಿದರೆ ಗಾತ್ರ ಹೆಚ್ಚು ತೋರಿ, ಹಿತ್ತಾಳೆಯೂ ಸತುವಿನಂತೆ ಕಾಣಬಹುದು. ನೀರೊಳಗೆ ನಾಲ್ಕಾರು ಬಾರಿ ಅಲುಗಿಸಿ, ಗುಳ್ಳೆ ನಿಂತ ಮೇಲೆ ಅಂಕಿ ಓದಿ. ಒಂದು ಗ್ರಾಂ ಏರುಪೇರಾದರೂ ಹಿತ್ತಾಳೆ ಮತ್ತು ಸತುವಿನ ನಡುವಿನ ಅಂತರ ದೊಡ್ಡದಾದ್ದರಿಂದ ತೀರ್ಮಾನ ಬದಲಾಗುವುದಿಲ್ಲ. ಆದರೆ ಸ್ಟೀಲ್ ಮತ್ತು ಹಿತ್ತಾಳೆಯನ್ನು ಬೇರ್ಪಡಿಸಲು ಇಂಥ ತಕ್ಕಡಿ ಸಾಲದು. ಅಲ್ಲಿ ಒಳಗಿನ ಬಣ್ಣವನ್ನೇ ನಂಬಬೇಕು. ಹಿತ್ತಾಳೆ ಒಳ್ಳೆಯದೋ ಕಳಪೆ ಗುಜರಿಯಿಂದ ಮಾಡಿದ್ದೋ ಎಂಬುದನ್ನೂ ಈ ಪರೀಕ್ಷೆ ಹೇಳುವುದಿಲ್ಲ.

ಹಾಗೆಯೇ ಜಿನುಗುವಿಕೆಯನ್ನೂ ನೋಡಿಬಿಡಬಹುದು. ಎಲ್ಲ ಮರುಜೋಡಿಸಿ, ನಲ್ಲಿಯ ಹಿಂಬಾಯಿಗೆ ತೋಟದ ಪೈಪಿನ ತುಂಡೊಂದನ್ನು ಬಿಗಿದು, ನಲ್ಲಿ ಮುಚ್ಚಿ ಬಕೆಟ್ ನೀರಿನಲ್ಲಿ ಮುಳುಗಿಸಿ ಪೈಪಿನ ಇನ್ನೊಂದು ತುದಿಯಿಂದ ಜೋರಾಗಿ ಊದಿ. ತುದಿಯಿಂದ ಗುಳ್ಳೆ ಬಂದರೆ ಬಿಲ್ಲೆಗಳು ಸರಿಯಾಗಿ ಕೂತಿಲ್ಲ. ಹಿಡಿಕೆಯ ಬುಡದಿಂದ ಬಂದರೆ ರಬ್ಬರ್ ರಿಂಗ್ ದೋಷ. ದೇಹದ ಮೈಯಿಂದಲೇ ಬಂದರೆ ಎರಕದಲ್ಲಿ ತೂತಿದೆ.

ಸ್ಟೀಲಿನ ದರ್ಜೆ ತಿಳಿಯಲು

ಅಯಸ್ಕಾಂತ ಹಿಡಿದು ನೋಡುವುದು ಎಲ್ಲರೂ ಮಾಡುವ ಪರೀಕ್ಷೆ. ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದನ್ನು ಬಿಡಬೇಕು ಎಂಬುದು ಸರಿ. ಆದರೆ ಅಂಟದಿದ್ದ ಮಾತ್ರಕ್ಕೆ 304 ಎನ್ನಲಾಗದು, ಏಕೆಂದರೆ 202 ಕೂಡ ಅಂಟುವುದಿಲ್ಲ. ಬಾಗಿಸಿದ ಕಡೆ ಸ್ವಲ್ಪ ಎಳೆತ ಇರುವುದು 304ರಲ್ಲೂ ಸಹಜ. ಇವೆರಡನ್ನು ಬೇರ್ಪಡಿಸಲು ಗುಜರಿ ವ್ಯಾಪಾರಿಗಳು ಬಳಸುವ ಪರೀಕ್ಷಾ ದ್ರವವೊಂದಿದೆ: ಶುಚಿ ಮಾಡಿದ ಜಾಗಕ್ಕೆ ಒಂದು ಹನಿ ಬಿಟ್ಟು ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ಕೆಲ ಕ್ಷಣ ತಾಗಿಸಿದಾಗ, ಮ್ಯಾಂಗನೀಸ್ ಹೆಚ್ಚಿರುವ 202ರ ಮೇಲೆ ಹನಿ ಕೆಂಪಾಗುತ್ತದೆ. ಪರೀಕ್ಷೆಯನ್ನು ಗೋಡೆಯೊಳಗೆ ಮರೆಯಾಗುವ ಭಾಗದಲ್ಲಿ ಮಾಡಿ, ತಕ್ಷಣ ತೊಳೆಯಿರಿ. ಒಂದು ಮನೆಗೆ ಹತ್ತಾರು ನಲ್ಲಿ ಬೇಕಾದಾಗ ಒಂದನ್ನು ತಂದು ಹೀಗೆ ನೋಡಿಕೊಂಡು ಉಳಿದವನ್ನು ಕೊಳ್ಳುವುದು ಲೇಸು.

ಹಾಕುವಾಗ ಮತ್ತು ಹಾಕಿದ ಮೇಲೆ

ಹೊಸ ಪೈಪ್ ಸಾಲಿನಲ್ಲಿ ಸಿಮೆಂಟ್ ಕಣ, ಪೈಪ್ ಕೊಯ್ದ ಚೂರು ಇದ್ದೇ ಇರುತ್ತವೆ. ಅವು ಸೆರಾಮಿಕ್ ಬಿಲ್ಲೆಗಳ ನಡುವೆ ಸಿಕ್ಕರೆ ಮೊದಲ ದಿನವೇ ಗೀರು ಬೀಳುತ್ತದೆ. ಆದ್ದರಿಂದ ನಲ್ಲಿ ಹಾಕುವ ಮೊದಲು ಸಾಲನ್ನು ತೆರೆದು ನೀರು ತಿಳಿಯಾಗುವವರೆಗೆ ಬಿಡಬೇಕು. ಬಾವಿ ನೀರಿನಲ್ಲಿ ಮರಳು ಬರುವ ಮನೆಗಳಲ್ಲಿ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಜಾಲರಿಯ ಫಿಲ್ಟರ್ ಹಾಕುವುದು ಅಗತ್ಯ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ, ಕೈಯಿಂದ ಬಿಗಿಯಾದ ಮೇಲೆ ಸ್ಪ್ಯಾನರಿನಿಂದ ಒಂದು ಸುತ್ತಿನಷ್ಟು ತಿರುವಿದರೆ ಸಾಕು.

ಹಿತ್ತಾಳೆ ನಲ್ಲಿಯಿಂದ ಕುಡಿಯುವ ನೀರು ಹಿಡಿಯುವವರು ಬೆಳಿಗ್ಗೆ ಮೊದಲ ಒಂದೆರಡು ತಂಬಿಗೆ ನೀರನ್ನು ಗಿಡಕ್ಕೆ ಹಾಕಬೇಕು. ರಾತ್ರಿಯಿಡೀ ನಿಂತ ಆಮ್ಲೀಯ ನೀರಿಗೆ ಲೋಹದೊಳಗಿನ ಸೀಸ ಸೇರಿರಬಹುದು.

ನಮ್ಮ ನೀರಿನ ಕಬ್ಬಿಣದಂಶದಿಂದ ನಲ್ಲಿಯ ಬುಡಕ್ಕೂ ಟೈಲ್ಸಿಗೂ ಕಂದು ಕಲೆ ಹತ್ತುತ್ತದೆ, ಅದನ್ನು ತೆಗೆಯಲು ಅನೇಕರು ಶೌಚಾಲಯ ತೊಳೆಯುವ ಆಸಿಡ್ ಹಾಕುತ್ತಾರೆ. ಆ ದ್ರವಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಅದು ಕ್ರೋಮ್ ಲೇಪನವನ್ನೂ ಕೆಡಿಸುತ್ತದೆ, 304 ಸ್ಟೀಲಿನ ಮೇಲೂ ಗುಳಿ ಬೀಳಿಸುತ್ತದೆ. ಟೈಲ್ಸ್ ತೊಳೆಯುವಾಗ ಅದರ ಹನಿ ನಲ್ಲಿಗೆ ಸಿಡಿದರೂ ಕೂಡಲೇ ನೀರು ಹೊಯ್ಯಬೇಕು. ಕಲೆಗೆ ಲಿಂಬೆಹಣ್ಣಿನ ರಸ ಹಚ್ಚಿ, ಐದು ನಿಮಿಷ ಬಿಟ್ಟು, ಮೆತ್ತಗಿನ ಬಟ್ಟೆಯಿಂದ ಉಜ್ಜಿ ತೊಳೆದು ಒರೆಸಿದರೆ ಸಾಕಾಗುತ್ತದೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಎರಡೂ ಬಗೆಯ ನಲ್ಲಿಗಳಿಗೆ ಮುಟ್ಟಿಸಬಾರದು.

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸಲ ಹಿಡಿಕೆ ಬಿಚ್ಚಿ ಒಳಗೆ ನೋಡಿ. ಹಿತ್ತಾಳೆಯಲ್ಲಿ ಗುಲಾಬಿಗೆಂಪು ಕಲೆ ಚಿಕ್ಕದಾಗಿದ್ದರೆ ಗಮನದಲ್ಲಿಟ್ಟುಕೊಂಡರಾಯಿತು; ಥ್ರೆಡ್‌ನ ಬುಡದಲ್ಲಿ ಬಿಳಿ ಪುಡಿಯ ಜೊತೆ ತೇವ ಕಂಡರೆ, ಅದು ಮುರಿಯುವ ಮೊದಲೇ, ಬಿಡುವಿನ ದಿನ ನೋಡಿ ಪ್ಲಂಬರನ್ನು ಕರೆಸಿ ಬದಲಿಸಬೇಕು. ಬಿಚ್ಚಿದ ಹಿತ್ತಾಳೆ ನಲ್ಲಿಯನ್ನು ಎಸೆಯಬೇಡಿ, ಗುಜರಿಯವರು ಅದನ್ನು ತೂಕಕ್ಕೆ ಒಳ್ಳೆಯ ಬೆಲೆ ಕೊಟ್ಟು ಒಯ್ಯುತ್ತಾರೆ.